ಒಂದೂವರೆ ಗಂಟೆ ತಡ, ಆರು ಸಾಲಿನ ಮೇಲ್

ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಎಕ್ಸ್‌ಪೋರ್ಟ್ ಕೆಲಸ ನೋಡಿಕೊಳ್ಳುತ್ತೇನೆ. ಕಳೆದ ವರ್ಷ ದುಬೈನ ಒಬ್ಬ ಬಯ್ಯರ್ ನಮ್ಮ ಸೋನಾ ಮಸೂರಿ ಸ್ಯಾಂಪಲ್ ತರಿಸಿಕೊಂಡಿದ್ದರು. ಅದರ ಬಗ್ಗೆ ಮಾತಾಡಲು ಮಂಗಳವಾರ ಒಂದು ಗಂಟೆಗೆ ಕಾಲ್ ಇಟ್ಟುಕೊಂಡೆವು. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಅವರು ಹೇಳಿದ್ದು ದುಬೈ ಟೈಮ್ ಅಂದುಕೊಂಡು ನಾನು ಎರಡೂವರೆಗೆ ಕೂತೆ. ಅವರು ನಮಗೆ ಅನುಕೂಲವಾಗಲಿ ಅಂತ ಮೊದಲೇ ಲೆಕ್ಕ ಹಾಕಿ ಇಂಡಿಯಾ ಟೈಮೇ ಹೇಳಿದ್ದರು. ಲಿಂಕ್ ತೆರೆದಾಗ ಯಾರೂ ಇರಲಿಲ್ಲ. ಅವರ ಕಡೆಯ ಮೂವರು ಇಪ್ಪತ್ತು ನಿಮಿಷ ಕಾದು ಹೋಗಿದ್ದರು.

ತಕ್ಷಣ ಫೋನಿನಲ್ಲಿ ಒಂದು ಸಾಲು ಹಾಕಿದೆ: ತಪ್ಪು ನನ್ನದೇ, ಅರ್ಧ ಗಂಟೆಯಲ್ಲಿ ಮೇಲ್ ಕಳಿಸುತ್ತೇನೆ. ಆಮೇಲೆ ಮೇಲ್ ಬರೆಯಲು ಕೂತೆ. ಸುಗ್ಗಿಯ ಗಡಿಬಿಡಿ, ಲೋಡಿಂಗ್, ಬೆಳಿಗ್ಗೆ ಕರೆಂಟ್ ಹೋಗಿದ್ದು, ಎಲ್ಲಾ ತುಂಬಿಸಿದೆ. ಅಕೌಂಟ್ಸ್ ನೋಡುವ ಹಿರಿಯರು ಓದಿ, "ತಮ್ಮಾ, ಇದ್ರಾಗ ಬರೇ ನಿನ್ನ ತ್ರಾಸೇ ಐತಿ. ಕಾದವರ ಸುದ್ದಿನೇ ಇಲ್ಲಲ್ಲ?" ಅಂದರು. ಕೊನೆಯ ಸಾಲು ಇನ್ನೂ ಕೆಟ್ಟದಿತ್ತು: "ನಿಮಗೆ ಯಾವಾಗ ಬಿಡುವೋ ತಿಳಿಸಿ." ಅಂದರೆ ಹೊಸ ಹೊತ್ತು ಹುಡುಕುವ ಕೆಲಸವನ್ನೂ ಅವರ ತಲೆಗೇ ಕಟ್ಟಿದ್ದೆ.

ಎಲ್ಲಾ ಅಳಿಸಿ ಮತ್ತೆ ಬರೆದೆ. ಮೇಲ್ ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"ವಿಷಯ: ಇಂದಿನ ಕಾಲ್‌ಗೆ ಕ್ಷಮೆ, ಬುಧವಾರ ಅಥವಾ ಗುರುವಾರ ಆಗಬಹುದೇ?

ಇವತ್ತು ನಾನು ಒಂದೂವರೆ ಗಂಟೆ ತಡವಾಗಿ ಬಂದೆ. ನೀವು ಮೂವರು ನನಗಾಗಿ ಕಾದಿರಿ, ಕ್ಷಮಿಸಿ. ನೀವು ಇಂಡಿಯಾ ಟೈಮ್ ಕೊಟ್ಟಿದ್ದನ್ನು ನಾನು ದುಬೈ ಟೈಮ್ ಎಂದು ತಪ್ಪಾಗಿ ತಿಳಿದೆ. ತೇವಾಂಶ ಮತ್ತು ನುಚ್ಚಿನ ಲ್ಯಾಬ್ ರಿಪೋರ್ಟ್ ಇದರ ಜೊತೆಗಿದೆ, ಹಾಗಾಗಿ ಹದಿನೈದು ನಿಮಿಷ ಮಾತಾಡಿದರೆ ಸಾಕು. ಬುಧವಾರ ದುಬೈ 11:30 (ಇಂಡಿಯಾ 1:00) ಅಥವಾ ಗುರುವಾರ ದುಬೈ 10:00 (ಇಂಡಿಯಾ 11:30) ಆಗಬಹುದೇ? ಎರಡೂ ಆಗದಿದ್ದರೆ ನೀವು ಹೇಳಿದ ಹೊತ್ತಿಗೆ ನಾನು ಸಿದ್ಧ."

ಈ ಎರಡು ಹೊತ್ತು ಸುಮ್ನೆ ಬರೆದದ್ದಲ್ಲ. ಮೊದಲು ಸಾಹುಕಾರರನ್ನು ಕೇಳಿದೆ, ಎರಡೂ ದಿನ ಅವರು ಮಿಲ್ಲಿನಲ್ಲೇ ಇರುತ್ತಾರೆ ಅಂತ ಗೊತ್ತು ಮಾಡಿಕೊಂಡೆ. ಕ್ಷಮೆ ಕೇಳಿ ಕೊಟ್ಟ ಹೊತ್ತನ್ನು ನಾವೇ ಮತ್ತೆ ಬದಲಿಸಿದರೆ ಮೊದಲ ತಪ್ಪಿಗಿಂತ ಅದೇ ದೊಡ್ಡದು. ಶುಕ್ರವಾರ ಬಿಟ್ಟೆ. ಅಲ್ಲಿ ಮಧ್ಯಾಹ್ನ ನಮಾಜ್ ಇರುತ್ತದೆ, ಎಷ್ಟೋ ಆಫೀಸು ಅರ್ಧ ದಿನವಷ್ಟೇ. ಅವರು ಒಪ್ಪುವ ಮೊದಲೇ ಕ್ಯಾಲೆಂಡರ್ ಇನ್ವೈಟ್ ಕಳಿಸಲಿಲ್ಲ. ಕಳಿಸಿದರೆ ಕೇಳಿದಂತಲ್ಲ, ಹೇರಿದಂತೆ ಅಲ್ವಾ?

ಸಂಜೆ ಉತ್ತರ ಬಂತು: ಗುರುವಾರ. ಇನ್ವೈಟ್‌ನಲ್ಲಿ ಎರಡೂ ಊರಿನ ಟೈಮ್ ಹಾಕಿದೆ. ಗುರುವಾರ 11:20ಕ್ಕೇ ಲಿಂಕ್ ತೆರೆದು ಕೂತೆ. ಅವರು ರಿಪೋರ್ಟ್ ಮೊದಲೇ ಓದಿದ್ದರು. ಬಂದವರೇ ನೇರವಾಗಿ ಐದು ಕೆಜಿ ಚೀಲದ ರೇಟು ಕೇಳಿದರು.