ಶೇಕಡಾವಾರು ರಿಯಾಯಿತಿಯನ್ನಲ್ಲ, ರೂಪಾಯಿಯನ್ನು ನೋಡಿ

“ನಿಮ್ಮ ಸ್ಟೀಮ್ ಲೈಬ್ರರಿಯಲ್ಲಿ ಇಷ್ಟೊಂದು ಗೇಮ್‌ಗಳಿವೆ, ಆದರೆ ಖರ್ಚು ಮಾತ್ರ ಕಡಿಮೆ ಅಂತೀರಿ. ಯಾವಾಗ ಕೊಳ್ಳಬೇಕು ಅನ್ನೋದು ನಿಮಗೆ ಹೇಗೆ ಗೊತ್ತಾಗುತ್ತೆ?”

ಒಂದು ಗೇಮ್‌ನ ಬೆಲೆ ಈ ಹಿಂದೆ ರೂಪಾಯಿಯಲ್ಲಿ ಎಲ್ಲಿಯವರೆಗೆ ಇಳಿದಿತ್ತು ಎಂಬುದನ್ನು ಮೊದಲು ನೋಡುತ್ತೇನೆ. ಕಂಪ್ಯೂಟರ್ ಗೇಮ್‌ಗಳನ್ನು ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನ ಪುಟದಲ್ಲಿರುವ ಹಸಿರು ಪಟ್ಟಿಯ ಶೇಕಡಾವಾರನ್ನು ಆಮೇಲೆ ನೋಡುತ್ತೇನೆ. ಸ್ಟೀಮ್‌ಡಿಬಿ ಎಂಬ ತಾಣದಲ್ಲಿ ಪ್ರತಿ ಗೇಮ್‌ಗೂ ಬೆಲೆಯ ಇತಿಹಾಸವಿದೆ. ಕರೆನ್ಸಿಯನ್ನು ಭಾರತೀಯ ರೂಪಾಯಿಗೆ ಬದಲಿಸಿದರೆ, ಬಿಡುಗಡೆಯ ದಿನದಿಂದ ಇಂದಿನವರೆಗಿನ ಏರಿಳಿತ ಮೆಟ್ಟಿಲುಗಳಂತೆ ಕಾಣುತ್ತದೆ. ಸಾಮಾನ್ಯವಾಗಿ ಮೊದಲು ಶೇ. 20ರ ಆಸುಪಾಸು, ಕೆಲವು ತಿಂಗಳಾದ ಮೇಲೆ ಶೇ. 33 ಅಥವಾ 50, ಗೇಮ್ ಹಳೆಯದಾದಂತೆ ಶೇ. 66 ಅಥವಾ 75 ಹೀಗೆ ಇಳಿಯುತ್ತದೆ. ಒಂದು ಮೆಟ್ಟಿಲಿಗೆ ಇಳಿದ ಬೆಲೆ ಸಾಮಾನ್ಯವಾಗಿ ಮತ್ತೆ ಮತ್ತೆ ಅದೇ ಮೆಟ್ಟಿಲಿಗೆ ಬರುವುದರಿಂದ, ಒಂದು ಮಾರಾಟ ತಪ್ಪಿತೆಂದು ನಾನು ಪೇಚಾಡುವುದಿಲ್ಲ.

ಶೇಕಡಾವಾರು ಏಕೆ ಮೋಸಗೊಳಿಸುತ್ತದೆಂಬುದಕ್ಕೆ ಒಂದು ಊಹಾ ಲೆಕ್ಕ ಕೊಡುತ್ತೇನೆ. ಒಂದು ಗೇಮ್‌ನ ಮೂಲ ಬೆಲೆ 600 ರೂಪಾಯಿ ಇತ್ತು, ಶೇ. 50 ರಿಯಾಯಿತಿಯಲ್ಲಿ 300ಕ್ಕೆ ಸಿಗುತ್ತಿತ್ತು ಎಂದಿಟ್ಟುಕೊಳ್ಳಿ. ಅಭಿವೃದ್ಧಿಕಾರರು ಮೂಲ ಬೆಲೆಯನ್ನು 1,000ಕ್ಕೆ ಏರಿಸಿ ಮುಂದೆ ಶೇ. 66 ರಿಯಾಯಿತಿ ಕೊಟ್ಟರೆ ನಾವು ತೆರುವುದು 340. ಹಸಿರು ಪಟ್ಟಿಯಲ್ಲಿ ರಿಯಾಯಿತಿ ಹೆಚ್ಚಿದೆ, ಜೇಬಿನಿಂದ ಹೋಗುವ ಹಣವೂ ಹೆಚ್ಚಿದೆ! ಇದು ಬರೀ ಕಲ್ಪನೆಯ ಮಾತಲ್ಲ. ದೇಶದಿಂದ ದೇಶಕ್ಕೆ ಬೆಲೆ ಎಷ್ಟಿರಬೇಕೆಂದು ಸ್ಟೀಮ್ ನಡೆಸುವ ವಾಲ್ವ್ ಸಂಸ್ಥೆಯು ಅಭಿವೃದ್ಧಿಕಾರರಿಗೆ ಒಂದು ಸಲಹಾಪಟ್ಟಿ ಕೊಡುತ್ತದೆ. 2022ರ ಅಕ್ಟೋಬರ್‌ನಲ್ಲಿ ಅದನ್ನು ಪರಿಷ್ಕರಿಸಿದಾಗ ರೂಪಾಯಿಯ ಅಂಕಿಗಳೂ ಮೇಲೇರಿದವು. ಪಟ್ಟಿಯನ್ನು ಪಾಲಿಸಲೇಬೇಕೆಂಬ ಕಟ್ಟಳೆಯಿಲ್ಲ. ಹಾಗಾಗಿ ಒಬ್ಬರ ಗೇಮ್ ಇಲ್ಲಿ ಡಾಲರ್ ಬೆಲೆಯ ಅರ್ಧದಷ್ಟಕ್ಕೇ ಸಿಕ್ಕರೆ, ಇನ್ನೊಬ್ಬರದು ಡಾಲರನ್ನು ರೂಪಾಯಿಗೆ ನೇರವಾಗಿ ಗುಣಿಸಿದಷ್ಟೇ ಇರುತ್ತದೆ. ಎರಡನೆಯ ಬಗೆಯ ಗೇಮ್‌ಗೆ ನಾನು ಇನ್ನೂ ಒಂದು ಮೆಟ್ಟಿಲು ಹೆಚ್ಚು ಕಾಯುತ್ತೇನೆ.

ಬೇಕೆನಿಸಿದ್ದನ್ನೆಲ್ಲ ವಿಶ್‌ಲಿಸ್ಟ್‌ಗೆ ಸೇರಿಸಿಟ್ಟರೆ, ಶೇ. 20 ಅಥವಾ ಅದಕ್ಕಿಂತ ಹೆಚ್ಚು ರಿಯಾಯಿತಿ ಬಂದಾಗ ಸ್ಟೀಮ್ ಇಮೇಲ್ ಕಳಿಸುತ್ತದೆ. ಆದರೆ ಆ ಇಮೇಲ್ ಬೆಲೆ ಇಳಿದಿದೆ ಎಂದಷ್ಟೇ ಹೇಳುತ್ತದೆ, ಹಿಂದಿನ ಕನಿಷ್ಠ ಬೆಲೆಯನ್ನು ಮುಟ್ಟಿದೆಯೇ ಎಂದು ಹೇಳುವುದಿಲ್ಲ. ಅದನ್ನು ಓದಿದ ಕೂಡಲೇ ಬೆಲೆಯ ಇತಿಹಾಸವನ್ನು ಒಮ್ಮೆ ತೆರೆದು ನೋಡುವುದು ನನ್ನ ರೂಢಿ.

ವರ್ಷದಲ್ಲಿ ನಾಲ್ಕು ಋತುಮಾರಾಟಗಳಿವೆ. ಜೂನ್ ಕೊನೆಗೆ ಶುರುವಾಗುವ ಬೇಸಿಗೆಯದೂ ಡಿಸೆಂಬರ್ ಉತ್ತರಾರ್ಧದ ಚಳಿಗಾಲದ್ದೂ ದೊಡ್ಡವು. ಉಳಿದ ದಿನಗಳಲ್ಲಿ ಒಮ್ಮೆ ರಿಯಾಯಿತಿ ಕೊಟ್ಟ ಗೇಮ್‌ಗೆ ಮತ್ತೆ ಕೊಡಲು ಮೂವತ್ತು ದಿನ ಬಿಡಬೇಕೆಂಬ ನಿಯಮವಿದ್ದರೂ, ಋತುಮಾರಾಟಕ್ಕೆ ಅದು ಅನ್ವಯಿಸುವುದಿಲ್ಲ. ಮಾರಾಟದ ಕೊನೆಯ ದಿನದವರೆಗೆ ಕಾಯಿರಿ ಎಂಬ ಹಳೆಯ ಸಲಹೆಯನ್ನು ಈಗಲೂ ಕೆಲವರು ಕೊಡುತ್ತಾರೆ. ಕೆಲವೇ ಗಂಟೆಗಳ ಮಿಂಚಿನ ರಿಯಾಯಿತಿಗಳಿದ್ದ ಕಾಲಕ್ಕೆ ಅದು ಸರಿಯಿತ್ತು. 2015ರ ಕೊನೆಯಿಂದ ಈಚೆಗೆ ಮೊದಲ ದಿನದ ಬೆಲೆಯೇ ಸಾಮಾನ್ಯವಾಗಿ ಕೊನೆಯ ದಿನದವರೆಗೂ ಇರುತ್ತದೆ. ಮಾರಾಟಕ್ಕೆ ಸ್ವಲ್ಪ ಮೊದಲು ಪೂರ್ಣ ಬೆಲೆಗೆ ಕೊಂಡುಬಿಟ್ಟಿದ್ದರೂ ದಾರಿಯಿದೆ: ಕೊಂಡು ಹದಿನಾಲ್ಕು ದಿನ ಮೀರದೆ, ಆಟ ಎರಡು ಗಂಟೆ ಮುಟ್ಟದೆ ಇದ್ದರೆ ಹಣ ವಾಪಸ್ ಪಡೆದು ಇಳಿದ ಬೆಲೆಗೆ ಮತ್ತೆ ಕೊಳ್ಳಬಹುದು. ಇದನ್ನು ದುರುಪಯೋಗವೆಂದು ಪರಿಗಣಿಸುವುದಿಲ್ಲವೆಂದು ಸ್ಟೀಮ್‌ನ ಮರುಪಾವತಿ ನಿಯಮದಲ್ಲೇ ಬರೆದಿದೆ.

ವಿಪಿಎನ್ ಹಾಕಿಕೊಂಡು ಅಗ್ಗದ ದೇಶದ ಅಂಗಡಿಗೆ ಹೋಗಬಹುದಲ್ಲ ಎಂದು ಕೇಳುವವರಿದ್ದಾರೆ. ಅದು ಸ್ಟೀಮ್ ಜೊತೆಗಿನ ಒಪ್ಪಂದದ ಉಲ್ಲಂಘನೆ, ಸಿಕ್ಕಿಬಿದ್ದರೆ ಖಾತೆಯ ಮೇಲೇ ನಿರ್ಬಂಧ ಬೀಳಬಹುದು. ಅಲ್ಲದೆ ದೇಶ ಬದಲಿಸಲು ಆ ದೇಶದ್ದೇ ಪಾವತಿ ವಿಧಾನ ಬೇಕು. ಹಿಂದೆ ಬಹಳ ಮಂದಿ ನುಗ್ಗುತ್ತಿದ್ದ ಅರ್ಜೆಂಟೀನಾ ಮತ್ತು ಟರ್ಕಿಯ ಅಂಗಡಿಗಳು 2023ರ ನವೆಂಬರ್‌ನಲ್ಲಿ ಡಾಲರ್‌ಗೆ ಬದಲಾದವು. ಅಮೆರಿಕದಲ್ಲಿರುವ ತಮ್ಮನಿಗೆ ಇಲ್ಲಿಂದ ಅಗ್ಗದಲ್ಲಿ ಉಡುಗೊರೆ ಕಳಿಸೋಣವೆಂದರೂ, ಎರಡು ದೇಶಗಳ ಬೆಲೆಯಲ್ಲಿ ಹೆಚ್ಚು ಅಂತರವಿದ್ದರೆ ಸ್ಟೀಮ್ ಬಿಡುವುದಿಲ್ಲ. ನಾನು ಈ ಪ್ರಯತ್ನ ಮಾಡಿ ಕೊನೆಗೆ ಅವನಿಗೆ ದುಡ್ಡನ್ನೇ ಕಳಿಸಿದೆ.

ಕಾಯುವ ಈ ಲೆಕ್ಕವೆಲ್ಲ ನಡೆಯದ ಗೇಮ್‌ಗಳೂ ಇವೆ. ಫ್ಯಾಕ್ಟೋರಿಯೋ ಅಭಿವೃದ್ಧಿಕಾರರು ಎಂದೂ ರಿಯಾಯಿತಿ ಕೊಡುವುದಿಲ್ಲವೆಂದು ಮೊದಲೇ ಘೋಷಿಸಿದ್ದಾರೆ, ಸಾಲದೆಂಬಂತೆ 2023ರ ಜನವರಿಯಲ್ಲಿ ಬೆಲೆಯನ್ನು 30 ಡಾಲರ್‌ನಿಂದ 35ಕ್ಕೆ ಏರಿಸಿದರು. ಅಂಥ ಗೇಮ್‌ನ ಇತಿಹಾಸದ ಗೆರೆಯಲ್ಲಿ ಇಳಿಯುವ ಮೆಟ್ಟಿಲೇ ಇರುವುದಿಲ್ಲ. ಅದು ಬೇಕಿದ್ದರೆ ಇವತ್ತೇ ಕೊಳ್ಳಿ, ಇಲ್ಲವಾದರೆ ವಿಶ್‌ಲಿಸ್ಟ್‌ನಿಂದ ತೆಗೆದುಬಿಡಿ.