ತಮ್ಮನ ಲೆಕ್ಕ, ನನ್ನ ಲೆಕ್ಕ

ಕಟಪಾಡಿ, 21 ಸೆಪ್ಟೆಂಬರ್ 2025, ಭಾನುವಾರ

ಇವತ್ತು ಮಹಾಲಯ ಅಮಾವಾಸ್ಯೆ. ಅಮ್ಮ ಬೆಳಿಗ್ಗೆಯಿಂದ ಅಡುಗೆ ಮನೆಯಲ್ಲೇ ಇದ್ದಾರೆ, ನನ್ನ ಜೊತೆ ಮಾತು ಕಡಿಮೆ. ಕಾರಣ ಗೊತ್ತು. ಬುಧವಾರ ತಮ್ಮನ ಶಿಕ್ಷಣ ಸಾಲದ ಮೊದಲ ಕಂತು ಬಂತು. ಮನೆಯಲ್ಲಿ ನನ್ನ ಹೆಸರಿನ 3,60,000 ರೂಪಾಯಿ ಠೇವಣಿ ಇರುವಾಗಲೇ ಸಾಲ ಮಾಡಿದ್ದು ಅವರಿಗೆ ಇನ್ನೂ ಜೀರ್ಣವಾಗಿಲ್ಲ.

"ದುಡ್ಡು ಉಂಟಲ್ಲ ಮಾರಾಯ್ತಿ, ಮತ್ತೆ ಬ್ಯಾಂಕಿಗೆ ಯಾಕೆ ಬಡ್ಡಿ ಕಟ್ಟುದು?" ಇದು ಜುಲೈಯಿಂದ ನಡೆಯುತ್ತಿರುವ ಜಗಳ. ಅಮ್ಮನ ತಪ್ಪಲ್ಲ. 1928ರಲ್ಲಿ ಪಿಗ್ಮಿ ಶುರುವಾದ ಊರು ನಮ್ಮ ಉಡುಪಿ. ಆಮೇಲೆ ಸಿಂಡಿಕೇಟ್ ಬ್ಯಾಂಕು ಅಂತ ಹೆಸರಾದ ಬ್ಯಾಂಕಿನವರು ಮನೆಮನೆಗೆ ಬಂದು ದಿನಕ್ಕೆ ಎರಡಾಣೆ ಒಟ್ಟುಮಾಡುತ್ತಿದ್ದರಂತೆ. ಅಜ್ಜಿ ಹಾಗೆ ಕಟ್ಟಿದವರು, ಅಮ್ಮನೂ ಕಟ್ಟಿದವರು. ಉಳಿಸಿದ್ದರಲ್ಲೇ ಮಕ್ಕಳನ್ನು ಓದಿಸಬೇಕು, ಸಾಲವೆಂದರೆ ಮರ್ಯಾದೆಗೇಡು ಎಂಬುದು ಅವರ ಲೆಕ್ಕ.

ನನ್ನ ಲೆಕ್ಕ ಇಲ್ಲಿ ಬರೆದಿಡುತ್ತೇನೆ. ಮನೆಯಲ್ಲಿ ಮೊದಲು ದುಡಿಯಲು ಶುರುಮಾಡಿದವರು ಇನ್ನೂ ಯಾರಾದರೂ ಇದೇ ಜಗಳದಲ್ಲಿ ಇರಬಹುದು.

ನಾನು ಉಡುಪಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಕೈಗೆ ಬರುವುದು 31,000. 2027ರ ಆಗಸ್ಟಿನಲ್ಲಿ ಎಂ.ಎಸ್ಸಿ. ಎಂಎಲ್‌ಟಿ ಸೇರಬೇಕು ಅಂತ ಆಸೆ. ಎರಡು ವರ್ಷ ಸಂಬಳ ಇರುವುದಿಲ್ಲ. ಶುಲ್ಕ ಮತ್ತು ಖರ್ಚು ಸೇರಿ ಆರು ಲಕ್ಷ ಕೈಯಲ್ಲಿ ಇದ್ದರೆ ಮಾತ್ರ ಕೆಲಸ ಬಿಡುವ ಧೈರ್ಯ. ಆ ಠೇವಣಿ ಇರುವುದು ಅದಕ್ಕೆ. ತಮ್ಮನಿಗೆ ಈ ವರ್ಷ ಸಿಇಟಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಮನೆಯಿಂದಲೇ ಬಸ್ಸಲ್ಲಿ ಹೋಗಿ ಬರುವ ಕಾಲೇಜು, ಹಾಸ್ಟೆಲ್ ಖರ್ಚಿಲ್ಲ. ವರ್ಷಕ್ಕೆ 1,05,000 ಅಂತ ಹಿಡಿದರೆ ನಾಲ್ಕು ವರ್ಷಕ್ಕೆ 4,20,000. ಲ್ಯಾಪ್‌ಟಾಪಿಗೆ 50,000, ಪುಸ್ತಕ ಪರೀಕ್ಷೆ ಅಂತ ವರ್ಷಕ್ಕೆ 15,000 ಬೇರೆ. ಅಪ್ಪನ ಟೈಲರಿಂಗ್ ಅಂಗಡಿಯ ಆದಾಯದಲ್ಲಿ ಅಕ್ಕಿ ಬೇಳೆ ಆಗುತ್ತದೆ, ಇದು ಆಗುವುದಿಲ್ಲ.

ಠೇವಣಿಗೆ ನನಗೆ ಸಿಗುವುದು ಶೇಕಡಾ 6.5. ಸಾಲಕ್ಕೆ ಕೊಡುವುದು 9.5. ನಡುವೆ ಮೂರು. ಅಮ್ಮ ಹೇಳುವ ನಷ್ಟ ಈ ಮೂರು, ಅದು ನಿಜವೇ. ಆದರೆ ಕಾಗದದ ಮೇಲೆ ಬರೆದು ನೋಡಿದೆ. ಮೊದಲ ವರ್ಷ 1,05,000ಕ್ಕೆ 3,150. ಎರಡನೇ ವರ್ಷ ಸಾಲ 2,10,000 ಆದಾಗ 6,300. ನಾನು ಕೋರ್ಸಿಗೆ ಸೇರುವವರೆಗಿನ ಎರಡು ವರ್ಷಕ್ಕೆ ಒಟ್ಟು 9,450 ರೂಪಾಯಿ. ನನ್ನ ಆರು ಲಕ್ಷವನ್ನು ಮುಟ್ಟದೆ ಇಟ್ಟುಕೊಳ್ಳಲು ತೆರುವ ಬಾಡಿಗೆ ಅದು. ಠೇವಣಿ ಮುರಿದರೆ ಈ ಬಾಡಿಗೆ ಉಳಿಯುತ್ತದೆ, ಆದರೆ ಆ ದುಡ್ಡು ನನಗೆ ವಾಪಸು ಬರುವ ದಾರಿ ಯಾವುದೂ ಇಲ್ಲ. ತಮ್ಮ ಕೆಲಸಕ್ಕೆ ಸೇರಿದ ಮೇಲೆ ನಾನು ಅವನ ಹತ್ತಿರ ತಿಂಗಳು ತಿಂಗಳು ಕೇಳುವುದುಂಟಾ? ಬ್ಯಾಂಕಾದರೆ ನಾಚಿಕೆ ಇಲ್ಲದೆ ಕೇಳುತ್ತದೆ. ಸಂಬಂಧದಲ್ಲಿ ಕೇಳಲಾಗದ್ದನ್ನು ಕೇಳಲು ಒಬ್ಬರು ಇದ್ದರೆ ಒಳ್ಳೆಯದೇ.

ಸಾಲ ನಾಲ್ಕು ಲಕ್ಷಕ್ಕೇ ನಿಲ್ಲಿಸಿದ್ದಕ್ಕೆ ಕಾರಣ ಉಂಟು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಅಲ್ಲಿಯವರೆಗೆ ಅಡಮಾನ ಬೇಡ, ನಮ್ಮ ಕೈಯಿಂದ ಹಾಕಬೇಕಾದ ಮಾರ್ಜಿನ್ ಹಣವೂ ಬೇಡ. ಅದು ದಾಟಿದರೆ ದೇಶದೊಳಗಿನ ಓದಿಗೆ ಶೇಕಡಾ 5 ನಾವು ಹಾಕಬೇಕು. ಮೂರು ವರ್ಷ 1,05,000ದಂತೆ, ಕೊನೆಯ ವರ್ಷ 85,000. ಉಳಿದ 20,000 ಕೈಯಿಂದ.

ಸಹಿಯ ವಿಷಯದಲ್ಲಿ ಹೆಚ್ಚು ಹೊತ್ತು ಹೋಯಿತು. ಮೊದಲು ಹೋದ ಬ್ಯಾಂಕಿನಲ್ಲಿ ಅರ್ಜಿ ನೋಡಿದ ಕೂಡಲೇ, "ಮೇಡಂ, ನಿಮ್ಮ ಸ್ಯಾಲರಿ ಸ್ಲಿಪ್ ಇದ್ದರೆ ನೀವೇ ಜಂಟಿ ಸಾಲಗಾರರಾಗಿ ಸಹಿ ಹಾಕಿ, ಬೇಗ ಆಗುತ್ತದೆ" ಅಂದರು. ಲ್ಯಾಬಿನ ಸಹೋದ್ಯೋಗಿ ಕೂಡ ಹಾಗೇ ಹೇಳಿದ್ದ. ಅವನ ಪ್ರಕಾರ ಬಡ್ಡಿಗೆ 80ಇ ಅಡಿಯಲ್ಲಿ ತೆರಿಗೆ ವಿನಾಯಿತಿ ಬೇರೆ ಸಿಗುತ್ತದೆ. ಸಿಗುವುದಿಲ್ಲ. ಆ ಸೆಕ್ಷನ್ನಿನಲ್ಲಿ ತಾನು, ಗಂಡ ಅಥವಾ ಹೆಂಡತಿ, ಮಕ್ಕಳು, ತಾನು ಕಾನೂನುಬದ್ಧ ಪಾಲಕರಾಗಿರುವ ವಿದ್ಯಾರ್ಥಿ, ಇಷ್ಟೇ ಜನ. ತಮ್ಮ ತಂಗಿಯರ ಹೆಸರಿಲ್ಲ. ನನ್ನ ಸಂಬಳಕ್ಕೆ ತೆರಿಗೆಯೇ ಬರುವುದಿಲ್ಲ, ಅದು ಬೇರೆ ಮಾತು.

ಸಹಿ ಹಾಕಿದ್ದರೆ ಪೂರ್ತಿ ನಾಲ್ಕು ಲಕ್ಷ ನನ್ನ ಸಿಬಿಲ್ ವರದಿಯಲ್ಲಿ ನನ್ನ ಸಾಲವಾಗಿ ಕೂರುತ್ತಿತ್ತು. ಅರ್ಧ ಅವನದ್ದು, ಅರ್ಧ ನನ್ನದು ಅಂತ ಅಲ್ಲ, ಇಬ್ಬರ ಮೇಲೂ ಪೂರ್ತಿ. ಅವನು ಒಂದು ತಿಂಗಳು ಕಟ್ಟಲು ಮರೆತರೆ ಅದರ ಕಲೆ ನನ್ನ ಹೆಸರಿಗೂ ಹತ್ತುತ್ತದೆ. ಎಂ.ಎಸ್ಸಿ.ಗೆ ಸ್ವಲ್ಪ ಸಾಲ ಬೇಕಾಯಿತು ಅಂತಲೋ, ಆಮೇಲೆ ಒಂದು ಮನೆಗೆ ಬೇಕಾಯಿತು ಅಂತಲೋ ಹೋದರೆ, ಇರುವ ಸಾಲದ ಕಂತನ್ನು ಕಳೆದೇ ನನ್ನ ಯೋಗ್ಯತೆ ಲೆಕ್ಕ ಹಾಕುತ್ತಾರೆ. ದುಡ್ಡು ಕೊಡುವುದು ಬೇರೆ, ಸಹಿ ಕೊಡುವುದು ಬೇರೆ ಅಂತ ನನಗೆ ಅರ್ಥವಾದದ್ದು ಆ ಕೌಂಟರಿನ ಎದುರು ನಿಂತಾಗ. ಇನ್ನೊಂದು ಬ್ಯಾಂಕಿಗೆ ಅಪ್ಪನನ್ನೇ ಕರೆದುಕೊಂಡು ಹೋದೆ. ಯೋಜನೆಯಲ್ಲಿ ಜಂಟಿ ಸಾಲಗಾರ ಅಂತ ಇರುವುದೇ ತಂದೆ ತಾಯಿ. ನಾಲ್ಕು ಲಕ್ಷದೊಳಗಿನ ಸಾಲ, ಅಪ್ಪನ ಹೆಸರಿನಲ್ಲಿ ಹಳೆಯ ಬಾಕಿ ಇಲ್ಲ. ಅವರ ಸಹಿ ಸಾಕು ಅಂದರು. ಅಪ್ಪ ಸಹಿ ಹಾಕುವಾಗ ಪೆನ್ನನ್ನು ಸೂಜಿ ಹಿಡಿದ ಹಾಗೆ ಹಿಡಿದಿದ್ದರು.

ಒಂದು ಎಡವಟ್ಟು ಮಾತ್ರ ಮೊದಲೇ ಊಹಿಸಿರಲಿಲ್ಲ. ಸೀಟು ಹಂಚಿಕೆಯಾದ ಮೇಲೆ, ಸಿಇಟಿ ನಡೆಸುವ ಕೆಇಎಯವರು ಶುಲ್ಕ ಕಟ್ಟಲು ಕೊಡುವುದು ಕೆಲವೇ ದಿನ. ಸಾಲ ಮಂಜೂರಾಗಲು ವಾರಗಟ್ಟಲೆ ಬೇಕು. ಎರಡು ದಿನ ಅಮ್ಮನ ಮಾತೇ ಗೆದ್ದ ಹಾಗಾಯಿತು. ಠೇವಣಿ ಮುರಿಯಲು ಬ್ಯಾಂಕಿಗೆ ಹೋದವಳಿಗೆ ಅಲ್ಲಿಯ ಗುಮಾಸ್ತರೇ ಹೇಳಿದರು: ಮುರಿಯಬೇಡಿ, ಅದರ ಮೇಲೆಯೇ ಓವರ್‌ಡ್ರಾಫ್ಟ್, ಅಂದರೆ ಓಡಿ ಸಾಲ ತೆಗೆದುಕೊಳ್ಳಿ. ಠೇವಣಿಯ ಬಡ್ಡಿಗಿಂತ ಶೇಕಡಾ ಒಂದು ಹೆಚ್ಚು, ಅಂದರೆ 7.5, ಅದೂ ತೆಗೆದ ಹಣಕ್ಕೆ, ತೆಗೆದ ದಿನಗಳಿಗೆ ಮಾತ್ರ. ಆಗಸ್ಟ್ 8ಕ್ಕೆ 1,05,000 ತೆಗೆದು ಕಟ್ಟಿದೆ. ರಶೀದಿ ತೋರಿಸಿದರೆ ಕಟ್ಟಿದ ಶುಲ್ಕವನ್ನು ಸಾಲದಿಂದ ಮರುಪಾವತಿ ಮಾಡುತ್ತೇವೆ ಅಂತ ಸಾಲ ಕೊಡುವ ಬ್ಯಾಂಕಿನಿಂದ ಮೊದಲೇ ಒಪ್ಪಿಗೆ ಪಡೆದಿದ್ದೆ. ಈ ಮಾತು ಮೊದಲೇ ಆಗಿರಬೇಕು, ಇಲ್ಲವಾದರೆ ಮುಂದಿನ ವರ್ಷದಿಂದ ಮಾತ್ರ ಕೊಡುತ್ತೇವೆ ಅನ್ನಬಹುದು. ಸೆಪ್ಟೆಂಬರ್ 17ಕ್ಕೆ ಹಣ ಬಂತು, ಓಡಿ ಮುಚ್ಚಿದೆ. ನಲವತ್ತು ದಿನಕ್ಕೆ ಬಡ್ಡಿ 863 ರೂಪಾಯಿ.

ಇನ್ನು ನನ್ನ ಪಾಲು. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ, ಬಡ್ಡಿ ಮಾತ್ರ ಏರುತ್ತಿರುತ್ತದೆ. ಅದನ್ನು ಹಾಗೇ ಬಿಟ್ಟರೆ ಐದು ವರ್ಷಕ್ಕೆ 1,35,850 ಆಗಿ ಅಸಲಿಗೆ ಸೇರುತ್ತದೆ. ಏಳು ವರ್ಷದಲ್ಲಿ ತೀರಿಸುವುದಾದರೆ ತಮ್ಮನ ಕಂತು 8,758. ಬಡ್ಡಿಯನ್ನು ಆಗಾಗಲೇ ಕಟ್ಟುತ್ತಾ ಹೋದರೆ ಬರೀ ನಾಲ್ಕು ಲಕ್ಷದ ಕಂತು, 6,538. ಹಾಗಾಗಿ ಬಡ್ಡಿ ನನ್ನದು, ಅಸಲು ಅವನದ್ದು ಅಂತ ಗೆರೆ ಎಳೆದೆ. ಓದುವಾಗಲೇ ಬಡ್ಡಿ ಕಟ್ಟುವವರಿಗೆ ಶೇಕಡಾ ಒಂದರವರೆಗೆ ರಿಯಾಯಿತಿ ಕೊಡಲು ಯೋಜನೆಯಲ್ಲಿ ಅವಕಾಶ ಉಂಟು. ಕೊಡುವುದು ಬಿಡುವುದು ಬ್ಯಾಂಕಿನ ಇಷ್ಟ. ಬರಹದಲ್ಲಿ ಕೇಳಿದ್ದೇನೆ, ಲೆಕ್ಕಕ್ಕೆ ಹಿಡಿದಿಲ್ಲ.

ತೊಡಕು ಬಂದದ್ದು ಮೂರನೇ ವರ್ಷದ ಹತ್ತಿರ. ಬಡ್ಡಿ ತಿಂಗಳಿಗೆ 831ರಿಂದ ಶುರುವಾಗಿ, ಎರಡನೇ ವರ್ಷ 1,663, ಮೂರನೇ ವರ್ಷ 2,494, ನಾಲ್ಕನೇ ವರ್ಷ 3,167ಕ್ಕೆ ಏರುತ್ತದೆ. ಅದು ಜೋರಾಗುವ ಎರಡು ವರ್ಷಗಳಲ್ಲೇ ನಾನು ಕ್ಲಾಸಿನಲ್ಲಿ ಕೂತಿರುತ್ತೇನೆ, ಸಂಬಳ ಸೊನ್ನೆ. ಇದನ್ನು ಗಮನಿಸದೆ "ತಿಂಗಳಿಗೆ 831 ತಾನೇ" ಅಂತ ನಾನು ಒಂದು ವಾರ ಖುಷಿಯಾಗಿದ್ದೆ! ಆ ಎರಡು ವರ್ಷದ ಬಡ್ಡಿ 67,925 ಈಗಲೇ ಕೂಡಿಡಬೇಕು.

ಕೊನೆಗೆ ಸಿಕ್ಕಿದ ಸಂಖ್ಯೆ 7,500. ತಿಂಗಳಿಗೆ ಅಷ್ಟು ಬೇರೆಯೇ ಒಂದು ಖಾತೆಗೆ ಹೋಗುತ್ತದೆ. ಎರಡು ವರ್ಷಕ್ಕೆ 1,80,000. ಅದರಲ್ಲಿ ಈ ಎರಡು ವರ್ಷದ ಬಡ್ಡಿ 29,925, ಲ್ಯಾಪ್‌ಟಾಪು ಪುಸ್ತಕಕ್ಕೆ 80,000. ಉಳಿಯುವುದು 70,075, ಮುಂದಿನ ಎರಡು ವರ್ಷದ ಬಡ್ಡಿಗೆ ಸರಿಹೋಗುತ್ತದೆ. ಆಗಿನ ಪುಸ್ತಕದ ಖರ್ಚು ಮತ್ತು ಕೊನೆಯ 20,000, ಒಟ್ಟು 50,000, ಅಪ್ಪ ಹೊರುತ್ತೇನೆ ಅಂದಿದ್ದಾರೆ. ಐದನೇ ವರ್ಷದ ಹೊತ್ತಿಗೆ ನಾನು ಮತ್ತೆ ಕೆಲಸದಲ್ಲಿರುತ್ತೇನೆ. ಮನೆಗೆ 8,000 ಮೊದಲಿನಂತೆ. ನನ್ನ ಆರ್‌ಡಿಗೆ 9,000, ಕೈಖರ್ಚಿಗೆ 6,500. ಎರಡು ವರ್ಷದಲ್ಲಿ ಆರ್‌ಡಿಯೂ ಠೇವಣಿಯೂ ಬಡ್ಡಿ ಸೇರಿ ಆರು ಲಕ್ಷ ದಾಟುತ್ತದೆ.

ಇದರಲ್ಲಿ ಸಡಿಲ ಜಾಗವೇ ಇಲ್ಲ ಅಂತ ನನಗೂ ಗೊತ್ತು. ಶುಲ್ಕ ಹೆಚ್ಚಾದರೆ, ಅಪ್ಪ ಒಂದು ತಿಂಗಳು ಮಲಗಿದರೆ, ಮೊದಲು ನಿಲ್ಲುವುದು 7,500, ಆರ್‌ಡಿ ಅಲ್ಲ. ಬಡ್ಡಿ ಸ್ವಲ್ಪ ಅಸಲಿಗೆ ಸೇರಿದರೆ ತಮ್ಮನ ಕಂತು ನೂರಿನ್ನೂರು ಏರಬಹುದು. ನನ್ನ ಕೋರ್ಸು ಒಂದು ವರ್ಷ ಮುಂದೆ ಹೋದರೆ ಮತ್ತೆ ಹೋಗುವುದು ಸಂಶಯ, ಲ್ಯಾಬಿನಲ್ಲಿ ಹಾಗೆ "ಮುಂದಿನ ವರ್ಷ" ಅಂದವರನ್ನು ನೋಡಿದ್ದೇನೆ. ಇದನ್ನು ಅಮ್ಮನಿಗೆ ಹೇಳಿದಾಗ "ಎಷ್ಟು ಗಟ್ಟಿ ಮನಸ್ಸು ನಿನ್ನದು" ಅಂದರು. ಹೊಗಳಿಕೆ ಅಲ್ಲ.

ತಮ್ಮನಿಗೆ ಮೊದಲು ಬೇಜಾರಾಗಿತ್ತು. "ನನ್ನ ಹೆಸರಲ್ಲೇ ಸಾಲವಾ ಅಕ್ಕ?" ಅಂತ ಕೇಳಿ ಹೊರಗೆ ಹೋಗಿದ್ದ. ಇವತ್ತು ಊಟದ ನಂತರ ಸಾಲದ ಖಾತೆಯ ಆ್ಯಪನ್ನು ಅವನ ಫೋನಿಗೇ ಹಾಕಿಕೊಟ್ಟೆ. ಪ್ರತಿ ತಿಂಗಳು ಬ್ಯಾಂಕು ಹಾಕಿದ ಬಡ್ಡಿ ಎಷ್ಟು, ನಾನು ಕಟ್ಟಿದ್ದು ಎಷ್ಟು, ಎರಡೂ ತಾಳೆಯಾಗುತ್ತದಾ ಅಂತ ನೋಡುವುದು ನಿನ್ನ ಕೆಲಸ ಅಂದೆ. ಈ ತಿಂಗಳಿಗೆ 831 ಕಳಿಸುತ್ತೇನೆ ಅಂದಾಗ ಅವನು ತಲೆ ಎತ್ತದೆ ಫೋನಿನಲ್ಲಿ ಏನೋ ಒತ್ತಿದ.

"ಹದಿನೇಳಕ್ಕೆ ಬಂದದ್ದಲ್ವಾ? ಮೂವತ್ತರವರೆಗೆ ಹದಿನಾಲ್ಕು ದಿನ. 383 ಸಾಕು ಅಕ್ಕ."