ಬೆಳಗ್ಗೆ ಮಾತ್ರ ಬರುತ್ತಿದ್ದ ಐಸೊಲೇಷನ್ ಅಲಾರಂ

ಮೈಸೂರಿನ ಒಂದು ಮನೆ, ತಾರಸಿ ಮೇಲೆ 10 ಸೋಲಾರ್ ಪ್ಯಾನೆಲ್‌ಗಳನ್ನ ಒಂದರ ಹಿಂದೆ ಒಂದು ಜೋಡಿಸಿದ ಒಂದೇ ಸ್ಟ್ರಿಂಗ್. ಡಿಸೆಂಬರ್ ತಿಂಗಳು. ಮನೆಯ ಯಜಮಾನರು ನಿವೃತ್ತ ಮೇಷ್ಟ್ರು. ಫೋನ್ ಮಾಡಿ, "ಇನ್ವರ್ಟರ್‌ನಲ್ಲಿ ಕೆಂಪು ದೀಪ ಬರ್ತಿದೆ ಕಣಪ್ಪಾ, `PV Isolation Low` ಅಂತ ತೋರಿಸ್ತಿದೆ" ಅಂದರು. ನಾನು ಹೋಗಿದ್ದು ಮಧ್ಯಾಹ್ನ 12ಕ್ಕೆ. ಅಷ್ಟೊತ್ತಿಗೆ ಇನ್ವರ್ಟರ್ ಸರಿಯಾಗಿ ಓಡ್ತಿತ್ತು. ಸ್ಟ್ರಿಂಗ್ ಬಿಚ್ಚಿ, ಇನ್ಸುಲೇಷನ್ ರೆಸಿಸ್ಟೆನ್ಸ್ ಅಳೆಯುವ ಮೆಗ್ಗರ್ ಹಾಕಿದೆ, 5 ಮೆಗಾಓಮ್ ಬಂತು. 1 ಮೆಗಾಓಮ್ ಮೇಲಿದ್ದರೆ ಪಾಸ್ ಅಲ್ವಾ? ವೈರಿಂಗ್ ಚೆನ್ನಾಗಿದೆ, ಇನ್ವರ್ಟರ್ ಬೋರ್ಡೇ ಹೋಗಿರಬೇಕು ಅಂತ ಹೇಳಿ ಬಂದೆ. ಅದು ನನ್ನ ತಪ್ಪು.

ಇಂಥ ಇನ್ವರ್ಟರ್ ದಿನಾ ಬೆಳಗ್ಗೆ ಗ್ರಿಡ್‌ಗೆ ಸೇರುವ ಮೊದಲು ಪ್ಯಾನೆಲ್ ಕಡೆಯ ಎರಡೂ ವೈರ್‌ಗಳಿಗೂ ಅರ್ಥಿಂಗ್‌ಗೂ ನಡುವೆ ಎಷ್ಟು ರೆಸಿಸ್ಟೆನ್ಸ್ ಇದೆ ಅಂತ ತಾನೇ ಅಳೆಯುತ್ತದೆ. ಕಡಿಮೆ ಬಂದರೆ ಶುರುವಾಗಲ್ಲ. ಕೇಬಲ್ ಮೇಲೆ ಸಣ್ಣ ಸೀಳು ಇದ್ದರೆ, ಇಬ್ಬನಿಯಲ್ಲಿ ನೆನೆದಾಗ ಅಲ್ಲಿಂದ ಕರೆಂಟ್ ಲೀಕ್ ಆಗುತ್ತದೆ. ಬಿಸಿಲಿಗೆ ಒಣಗಿದ ಮೇಲೆ ಏನೂ ಸಿಗಲ್ಲ. ಮೇಷ್ಟ್ರನ್ನ ಮತ್ತೆ ಕೇಳಿದಾಗ, ಅಲಾರಂ ಬೆಳಗ್ಗೆ ಬಂದು ಒಂಬತ್ತೂವರೆಗೆ ಹೋಗುತ್ತೆ ಅಂದರು. ಆ ಪ್ರಶ್ನೆ ಮೊದಲೇ ಕೇಳಬೇಕಿತ್ತು.

ಮಾರನೇ ದಿನ ಬೆಳಗ್ಗೆ 7ಕ್ಕೇ ಹೋದೆ. ಪ್ಯಾನೆಲ್ ಗಾಜಿನ ಮೇಲೆ ಇಬ್ಬನಿ ಹಾಗೇ ಇತ್ತು. ಇನ್ವರ್ಟರ್ ಪರದೆಯಲ್ಲಿ 60 ಕಿಲೋಓಮ್. ಮೊದಲು ಎಸಿ ಸ್ವಿಚ್ ಆಫ್, ಆಮೇಲೆ ಡಿಸಿ ಸ್ವಿಚ್ ಆಫ್, ಕೈಗೆ ರಬ್ಬರ್ ಗ್ಲೌಸ್. ಅದಾದ ಮೇಲೇ ಸ್ಟ್ರಿಂಗ್‌ನ ಎರಡೂ ಕನೆಕ್ಟರ್ ಬಿಚ್ಚಿದೆ. ಲೋಡ್ ಇರುವಾಗ ಅವನ್ನ ಎಳೆದರೆ ಡಿಸಿ ಕಿಡಿ ಆರೋದೇ ಇಲ್ಲ.

ಈ ಸಲ ಮೆಗ್ಗರ್ ಮುಟ್ಟಲಿಲ್ಲ. 1000 ವೋಲ್ಟ್ ಡಿಸಿ ತಡೆಯುವ ಮಲ್ಟಿಮೀಟರ್ ತಗೊಂಡು ಮೂರು ರೀಡಿಂಗ್ ತೆಗೆದೆ. ಪ್ಲಸ್‌ಗೂ ಮೈನಸ್‌ಗೂ ನಡುವೆ 460 ವೋಲ್ಟ್, ಅಂದರೆ ಪ್ಯಾನೆಲ್‌ಗೆ 46. ಪ್ಲಸ್‌ನಿಂದ ಅರ್ಥಿಂಗ್‌ಗೆ 322. ಮೈನಸ್‌ನಿಂದ ಅರ್ಥಿಂಗ್‌ಗೆ 138. ಎರಡನ್ನೂ ಕೂಡಿದರೆ 460 ಸರಿಹೋಗುತ್ತದೆ. ಬೆಳಗ್ಗೆ ಬೆಳಕು ಏರುತ್ತಾ ವೋಲ್ಟೇಜೂ ಏರುತ್ತದೆ, ಹಾಗಾಗಿ ಮೂರನ್ನೂ ಬೇಗ ಬೇಗ ಎರಡು ಸಲ ತೆಗೆದೆ.

ಲೀಕ್ ಇಲ್ಲದ ಸ್ಟ್ರಿಂಗ್‌ನಲ್ಲಿ ಅರ್ಥಿಂಗ್‌ಗೆ ಅಳೆದರೆ ರೀಡಿಂಗ್ ನಿಲ್ಲಲ್ಲ, ಸೊನ್ನೆ ಕಡೆಗೆ ಇಳಿದುಬಿಡುತ್ತದೆ. ಇಲ್ಲಿ ಗಟ್ಟಿಯಾಗಿ ನಿಂತಿತ್ತು. ಅಂದರೆ ಸ್ಟ್ರಿಂಗ್‌ನ ಒಂದು ಜಾಗ ಅರ್ಥಿಂಗ್‌ಗೆ ತಾಗಿದೆ. ಮೈನಸ್ ತುದಿಯಿಂದ ಆ ಜಾಗಕ್ಕೆ 138 ವೋಲ್ಟ್. 138ನ್ನ 46ರಿಂದ ಭಾಗಿಸಿದರೆ 3. ಮೈನಸ್ ಕಡೆಯಿಂದ ಮೂರನೇ ಮತ್ತು ನಾಲ್ಕನೇ ಪ್ಯಾನೆಲ್ ನಡುವೆ! ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಪೂರ್ತಿ 460 ಬಂದಿದ್ದರೆ, ಸೊನ್ನೆ ಬಂದ ಕಡೆಯ ತುದಿಯಲ್ಲಿ, ಅಂದರೆ ತಾರಸಿಯಿಂದ ಕೆಳಗೆ ಇಳಿಯುವ ಕೇಬಲ್‌ನಲ್ಲೇ ಹುಡುಕಬೇಕಿತ್ತು.

ಈ ಲೆಕ್ಕ ಒಂದೇ ಜಾಗದಲ್ಲಿ ಲೀಕ್ ಇದ್ದಾಗ ಮಾತ್ರ ನಿಜ. ಎರಡು ಕಡೆ ಇದ್ದರೆ ಅದು ಅವೆರಡರ ನಡುವಿನ ಯಾವುದೋ ಒಳ್ಳೆ ಜಾಗ ತೋರಿಸುತ್ತದೆ. ಆಗ ಸ್ಟ್ರಿಂಗನ್ನ ಅರ್ಧಕ್ಕೆ ಬಿಚ್ಚಿ ಎರಡೂ ಭಾಗ ಬೇರೆ ಬೇರೆ ಅಳೆಯಬೇಕು.

ಬಗ್ಗಿ ಟಾರ್ಚ್ ಹಾಕಿ ನೋಡಿದೆ. ಬಿಳಿ ನೈಲಾನ್ ಟೈ ಬಿಸಿಲಿಗೆ ಪುಡಿಯಾಗಿ ಮುರಿದಿತ್ತು. ಕೇಬಲ್ ಜೋತು ಬಿದ್ದು ಜಿಐ ಪಟ್ಟಿಯ ಅಂಚಿನ ಮೇಲೆ ಕೂತಿತ್ತು. ಗಾಳಿಗೆ ಉಜ್ಜಿ ಉಜ್ಜಿ ಕಪ್ಪು ಹೊದಿಕೆಯಲ್ಲಿ ಉಗುರಿನಷ್ಟು ಸೀಳು, ಒಳಗೆ ತಾಮ್ರ ಹಸಿರಾಗಿತ್ತು. ಅಂಚಿನಲ್ಲಿ ಒಂದು ಹನಿ ನೀರು ನಿಂತಿತ್ತು.

"ಟೇಪ್ ಸುತ್ತಿದರೆ ಸಾಕಲ್ವಾ?" ಅಂತ ಮೇಷ್ಟ್ರು ಕೇಳಿದರು. ಸಾಲದು, ಬಿಸಿಲಿಗೆ ಟೇಪ್ ಬಿಚ್ಚಿಕೊಳ್ಳುತ್ತದೆ. ಸೀಳಿದ ಭಾಗ ಕತ್ತರಿಸಿ ತೆಗೆದು, ಜೋಡಿಯಾಗುವ ಎದುರಿನ ಕನೆಕ್ಟರ್ ಯಾವ ಕಂಪನಿಯದೋ ಅದೇ ಕಂಪನಿಯ ಹೊಸ ಕನೆಕ್ಟರ್ ಕ್ರಿಂಪ್ ಮಾಡಿದೆ. ಕೇಬಲ್ ಉದ್ದ ಸಾಕಾಯಿತು. ಇನ್ನೊಬ್ಬ ಎಲೆಕ್ಟ್ರಿಷಿಯನ್ ಮೇಷ್ಟ್ರಿಗೆ, ಫ್ರೇಮಿನ ಅರ್ಥ್ ವೈರ್ ಬಿಚ್ಚಿದರೆ ಅಲಾರಂ ನಿಲ್ಲುತ್ತೆ ಅಂತ ಹೇಳಿದ್ದನಂತೆ. ನಿಲ್ಲುತ್ತೆ, ನಿಜ. ಆದರೆ ಲೀಕ್ ಹಾಗೇ ಇರುತ್ತೆ, ಫ್ರೇಮೇ ಲೈವ್ ಆಗಿ ಕೂರುತ್ತೆ. ಪ್ಯಾನೆಲ್ ತೊಳೆಯಲು ಒದ್ದೆ ಕೈಯಲ್ಲಿ ಹೋದವರ ಗತಿ? ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಮರುದಿನ ಇಬ್ಬನಿ ಇರುವಾಗಲೇ ಸರ್ಜ್ ಪ್ರೊಟೆಕ್ಟರ್ ಬಿಚ್ಚಿಟ್ಟು ಮೆಗ್ಗರ್ ಹಾಕಿದೆ. ಅದನ್ನ ಬಿಚ್ಚದೇ ಅಳೆದರೆ ರೀಡಿಂಗ್ ಸುಮ್ನೆ ಕಡಿಮೆ ತೋರಿಸಬಹುದು. 18 ಮೆಗಾಓಮ್ ಬಂತು. ಉಳಿದ ಕೇಬಲ್‌ಗಳನ್ನೂ ನೋಡಿದೆ. ಇನ್ನೆರಡು ಅದೇ ಪಟ್ಟಿಗೆ ತಾಗಿ ಉಜ್ಜಲು ಶುರುವಾಗಿದ್ದವು. ಎಲ್ಲವನ್ನೂ ಬಿಸಿಲು ತಡೆಯುವ ಕಪ್ಪು ಟೈ ಹಾಕಿ ಮೇಲಕ್ಕೆ ಕಟ್ಟಿದೆ.